ಒಂದೇ ಟ್ಯಾಂಕಿನಲ್ಲಿ 91 ಮತ್ತು 95: ಲೆಕ್ಕ ಹಾಕಿ, ಅಳೆದು ನೋಡಿದ ಅನುಭವ

ನನ್ನ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ‘ಕನಿಷ್ಠ 95 ಆರ್‌ಒಎನ್’ ಎಂದು ಬರೆದ ಚೀಟಿಯಿದೆ. ಆರ್‌ಒಎನ್ ಎಂದರೆ ಪೆಟ್ರೋಲಿನ ಆಕ್ಟೇನ್ ಅಳೆಯುವ ಒಂದು ಮಾಪಕ. ಟರ್ಬೊ ಇರುವ ಸಣ್ಣ ಇಂಜಿನ್, ಕಡಿಮೆ ಆಕ್ಟೇನ್ ಪೆಟ್ರೋಲನ್ನು ಸಹಿಸುವ ಜಾತಿಯದಲ್ಲ. ಆದರೆ ದೂರ ಹೊರಟಾಗ ಎಲ್ಲ ಬಂಕುಗಳಲ್ಲೂ 95 ಸಿಗುವುದಿಲ್ಲ. 91 ಮಾತ್ರ ಇರುವ ಕಡೆ ಹಾಕಿಸಬೇಕೇ ಬೇಡವೇ, ಹಾಕಿಸಿದರೆ ಎಷ್ಟು, ಆಮೇಲೆ ಹೇಗೆ ಓಡಿಸಬೇಕು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳದೆ ನನಗೆ ಸಮಾಧಾನವಿರಲಿಲ್ಲ. ಎರಡು ಬಗೆಯ ಪೆಟ್ರೋಲ್ ಬೆರೆಸಿದರೆ ಇಂಜಿನ್ ಕೆಡುತ್ತದೆ ಎಂದು ಹೇಳುವವರು ಬಹಳ ಮಂದಿ. ಹೇಗೆ ಕೆಡುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ.

ಮೊದಲು ಬೆರೆಯುವ ವಿಷಯ. 91 ಆಗಲಿ 95 ಆಗಲಿ, ಎರಡೂ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣವೇ. ಯಾವುದು ಎಷ್ಟು ಪ್ರಮಾಣದಲ್ಲಿದೆ ಎಂಬುದರಲ್ಲಷ್ಟೇ ವ್ಯತ್ಯಾಸ. ಒಂದರೊಳಗೆ ಇನ್ನೊಂದು ಪೂರ್ತಿಯಾಗಿ ಕರಗುತ್ತದೆ, ಮತ್ತೆ ಬೇರೆಯಾಗುವುದಿಲ್ಲ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ ಪದರಗಟ್ಟಿ ನಿಲ್ಲುತ್ತದೆ ಎಂಬ ಮಾತಿದೆಯಲ್ಲ, ಅದು ನಿಜವಲ್ಲ. ಪೆಟ್ರೋಲ್ ರಭಸದಿಂದ ಟ್ಯಾಂಕಿಗೆ ಬೀಳುವಾಗಲೇ ಬಹುಪಾಲು ಬೆರೆತಿರುತ್ತದೆ. ಗಾಡಿ ಹೊರಟ ಮೇಲೆ ಕುಲುಕಾಟ ಉಳಿದದ್ದನ್ನು ಮುಗಿಸುತ್ತದೆ. ಬೆರೆತದ್ದರ ಆಕ್ಟೇನ್ ಎರಡರ ನಡುವೆ, ಲೀಟರುಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಾಸರಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ಉಳಿಯುವ ಪ್ರಶ್ನೆ ಒಂದೇ: ಆ ಸರಾಸರಿ ನನ್ನ ಇಂಜಿನ್ ಕೇಳುವುದಕ್ಕಿಂತ ಕೆಳಗಿದೆಯೇ? ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಶಕ್ತಿಯನ್ನು ಅಳೆಯುವುದಿಲ್ಲ. ಒತ್ತಡ ಮತ್ತು ಶಾಖಕ್ಕೆ ಸಿಕ್ಕಾಗ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಸಿಲಿಂಡರಿನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಜ್ವಾಲೆ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಜ್ವಾಲೆ ತಲುಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಅನಿಲ ಒತ್ತಡ ತಾಳದೆ ಒಮ್ಮೆಲೇ ಹೊತ್ತಿಕೊಂಡರೆ ಅದೇ ನಾಕಿಂಗ್. ಕಬ್ಬಿಣದ ಡಬ್ಬದಲ್ಲಿ ಕಲ್ಲು ಅಲುಗಾಡಿಸಿದಂಥ ಕಟಕಟ ಸದ್ದು ಬರುತ್ತದೆ. ಇದು ದೀರ್ಘಕಾಲ ಜೋರಾಗಿ ನಡೆದರೆ ಪಿಸ್ಟನ್ನಿಗೆ, ಹೆಡ್ ಗ್ಯಾಸ್ಕೆಟ್ಟಿಗೆ ಪೆಟ್ಟು. ಬೆರೆಸುವುದರಿಂದ ಆಗಬಹುದೆಂದು ಜನ ಹೆದರುವ ಹಾನಿ ವಾಸ್ತವದಲ್ಲಿ ಇದು. ಇದಕ್ಕೆ ಕಾರಣ ಬೆರಕೆಯಲ್ಲ, ಆಕ್ಟೇನ್ ಸಾಲದೆ ಹೋಗುವುದು. ಬರೀ 91 ತುಂಬಿಸಿದರೆ ಆಗುವುದಕ್ಕಿಂತ ಬೆರೆಸಿದಾಗ ಆಗುವುದು ಕಡಿಮೆಯೇ.

ಈ ಲೆಕ್ಕವನ್ನು ನಾನು ಬಳಸಿದ ಒಂದು ಸಂದರ್ಭವನ್ನು ಪೂರ್ತಿ ಹೇಳುತ್ತೇನೆ. ಟ್ಯಾಂಕಿನ ಅಳತೆ 50 ಲೀಟರ್. 95ರ ಪೆಟ್ರೋಲ್ ಸುಮಾರು 20 ಲೀಟರ್ ಉಳಿದಿತ್ತು. ಮುಂದೆ ಉದ್ದದ ಘಟ್ಟ, ಅದರಾಚೆಗೆ 95 ಸಿಗುವ ಬಂಕ್. ಇದ್ದದ್ದರಲ್ಲಿ ಬಹುಶಃ ಮುಟ್ಟಬಹುದಿತ್ತು, ಆದರೆ ಘಟ್ಟದಲ್ಲಿ ಟ್ಯಾಂಕ್ ಬರಿದಾಗುವ ಭಯವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಎದುರಿಗಿದ್ದ ಬಂಕಿನಲ್ಲಿ 91 ಮಾತ್ರ. ನಾನು ಟ್ಯಾಂಕ್ ತುಂಬಿಸಲಿಲ್ಲ, 10 ಲೀಟರ್ ಮಾತ್ರ ಹಾಕಿಸಿದೆ.

ಸರಾಸರಿ ನೋಡಿ. 20 ಲೀಟರ್ 95, 10 ಲೀಟರ್ 91, ಒಟ್ಟು 30. (20 × 95 + 10 × 91) ÷ 30 ಎಂದರೆ 93.7. ಅದೇ ನಾನು 30 ಲೀಟರ್ 91 ಹಾಕಿಸಿ ಟ್ಯಾಂಕ್ ತುಂಬಿಸಿದ್ದರೆ 92.6ಕ್ಕೆ ಇಳಿಯುತ್ತಿತ್ತು, ಅಷ್ಟೇ ಅಲ್ಲ, ಆ ಕಡಿಮೆ ಆಕ್ಟೇನ್ ಪೆಟ್ರೋಲ್ ಖಾಲಿಯಾಗುವ ತನಕ ನೂರಾರು ಕಿಲೋಮೀಟರ್ ಅದರಲ್ಲೇ ಓಡಿಸಬೇಕಿತ್ತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಕಡಿಮೆಯದ್ದನ್ನು ಹಾಕಿಸಲೇಬೇಕಾದರೆ ಮುಂದಿನ ಬಂಕ್ ತಲುಪಲು ಬೇಕಾದಷ್ಟನ್ನೇ ಹಾಕಿಸಬೇಕು. ಆಗ ಸರಾಸರಿ ಹೆಚ್ಚು ಇಳಿಯುವುದಿಲ್ಲ, ಮೇಲಕ್ಕೆತ್ತಲು ಟ್ಯಾಂಕಿನಲ್ಲಿ ಜಾಗವೂ ಉಳಿಯುತ್ತದೆ.

ಘಟ್ಟ ದಾಟಿ ಮುಂದಿನ ಬಂಕ್ ತಲುಪಿದಾಗ ಸುಮಾರು 10 ಲೀಟರ್ ಉಳಿದಿತ್ತು. ಅದಕ್ಕೆ 95ರ 40 ಲೀಟರ್ ತುಂಬಿಸಿದರೆ ಸರಾಸರಿ 94.7. 95ಕ್ಕೆ ಇನ್ನೂ ಚೂರು ಕಡಿಮೆ, ಆದರೆ ಓಡಿಸುವಾಗ ಗೊತ್ತಾಗುವಷ್ಟಲ್ಲ. ಅಲ್ಲಿ 98 ಕೂಡ ಇತ್ತು, ಹಾಗಾಗಿ ಕೊರತೆಯನ್ನು ಪೂರ್ತಿ ತೀರಿಸಿದೆ. ಲೆಕ್ಕ ಸುಲಭ: ಪ್ರತಿ ಲೀಟರಿನಲ್ಲಿ 1.3ರಷ್ಟು ಕೊರತೆ, 10 ಲೀಟರಿಗೆ 13. ಪ್ರತಿ ಲೀಟರ್ 98ರಿಂದ ಸಿಗುವ ಹೆಚ್ಚುವರಿ 3. ಹದಿಮೂರನ್ನು ಮೂರರಿಂದ ಭಾಗಿಸಿದರೆ ನಾಲ್ಕೂವರೆ ಲೀಟರಿನ ಹತ್ತಿರ. 98ನ್ನು 5 ಲೀಟರ್ ಹಾಕಿಸಿ, ಮಿಕ್ಕದ್ದನ್ನು 95ರಲ್ಲಿ ತುಂಬಿಸಿದೆ. ಟ್ಯಾಂಕ್ ಪೂರ್ತಿ 98 ತುಂಬಿಸಿದ್ದರೆ ನನ್ನ ಇಂಜಿನ್ನಿಗೆ ಹಾನಿಯೇನಿಲ್ಲ. ಆದರೆ 95ಕ್ಕೆಂದು ಹೊಂದಿಸಿದ ಇಂಜಿನ್ ಅದರಿಂದ ಹೆಚ್ಚೇನನ್ನೂ ಗಳಿಸುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಕೆಲವು ದೇಶಗಳ ಬಂಕುಗಳಲ್ಲಿ ಆರ್‌ಒಎನ್ ಬದಲು ಎಕೆಐ ಎಂಬ ಬೇರೆ ಮಾಪಕದ ಸಂಖ್ಯೆ ಬರೆದಿರುತ್ತದೆ. ಅಲ್ಲಿಯ 87 ಇಲ್ಲಿಯ ಸುಮಾರು 91ಕ್ಕೆ ಸಮ. ಎರಡು ಮಾಪಕಗಳ ಸಂಖ್ಯೆಗಳನ್ನು ಒಂದೇ ಲೆಕ್ಕಕ್ಕೆ ಸೇರಿಸಿದರೆ ಉತ್ತರ ತಪ್ಪುತ್ತದೆ.

ಇನ್ನು ಅಳತೆ. ಇಂಜಿನ್ನಿನ ಮೈಗೆ ನಾಕ್ ಸೆನ್ಸರ್ ಎಂಬ ಸಣ್ಣ ಬಿಲ್ಲೆಯೊಂದನ್ನು ಬೋಲ್ಟ್ ಮಾಡಿರುತ್ತಾರೆ. ನಾಕಿಂಗಿನ ಕಂಪನವನ್ನು ಅದು ಗುರುತಿಸಿದೊಡನೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕಿಡಿ ಹಾರಿಸುವ ಕ್ಷಣವನ್ನು ಸ್ವಲ್ಪ ತಡಮಾಡುತ್ತದೆ. ಹೀಗೆ ತಡಮಾಡುವುದನ್ನು ನಾವು ಕಣ್ಣಾರೆ ನೋಡಬಹುದು. ಇಸಿಯು ಕೊಡುವ ಮಾಹಿತಿಯನ್ನು ಓದಲೆಂದು ಸ್ಟಿಯರಿಂಗ್ ಕೆಳಗೆ ಇರುವ ಓಬಿಡಿ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ಇಗ್ನಿಷನ್ ಟೈಮಿಂಗ್ ಎಷ್ಟು ಡಿಗ್ರಿಯಿದೆ ಎಂಬುದನ್ನು ದಾಖಲಿಸುವಂತೆ ಮಾಡಿದೆ. ಬರೀ 95 ಇರುವಾಗ ಒಂದು ಏರಿನಲ್ಲಿ ನಾಲ್ಕನೇ ಗೇರ್, 2000 ಆರ್‌ಪಿಎಂ, ಆಕ್ಸಿಲರೇಟರ್ ಒಂದೇ ಮಟ್ಟ. ಬೆರಕೆಯ ಪೆಟ್ರೋಲ್ ಇರುವಾಗ ಅದೇ ಏರು, ಅದೇ ಗೇರ್. ಬೆರಕೆಯಲ್ಲಿ ಟೈಮಿಂಗ್ ಎರಡು ಮೂರು ಡಿಗ್ರಿ ಹಿಂದೆ ಸರಿದಿತ್ತು, ಎಂದರೆ ಕಿಡಿ ಅಷ್ಟು ತಡವಾಗಿ ಹಾರುತ್ತಿತ್ತು. ಪಿಕಪ್ ಸ್ವಲ್ಪ ಮಂದ. ಕಿವಿಗೆ ಯಾವ ಸದ್ದೂ ಇಲ್ಲ. ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಓಡುವಾಗ ಎರಡರ ನಡುವೆ ವ್ಯತ್ಯಾಸವೇ ಕಾಣಲಿಲ್ಲ, ಏಕೆಂದರೆ ಅಲ್ಲಿ ಸಿಲಿಂಡರಿನ ಒತ್ತಡ ನಾಕಿಂಗ್ ಬರುವ ಮಟ್ಟದ ಹತ್ತಿರವೂ ಸುಳಿಯುವುದಿಲ್ಲ.

ಹೀಗೆ ಅಳೆಯುವವರು ಇಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆಯನ್ನೂ ಜೊತೆಗೆ ದಾಖಲಿಸಿಕೊಳ್ಳಬೇಕು. ಗಾಳಿ ಬಿಸಿಯಾದರೆ ಒಳ್ಳೆಯ ಪೆಟ್ರೋಲಿನಲ್ಲೂ ಟೈಮಿಂಗ್ ಹಿಂದೆ ಸರಿಯುತ್ತದೆ. ಮಧ್ಯಾಹ್ನದ ಅಂಕಿಯನ್ನು ಬೆಳಗ್ಗೆಯ ಅಂಕಿಗೆ ಹೋಲಿಸಿ ಪೆಟ್ರೋಲನ್ನು ದೂರುವುದು ಅನ್ಯಾಯ. ಬಂಕಿನಿಂದ ಹೊರಬಿದ್ದೊಡನೆ ತೀರ್ಮಾನಿಸುವುದೂ ಸರಿಯಲ್ಲ. ಪೈಪಿನಲ್ಲಿ, ಫಿಲ್ಟರಿನಲ್ಲಿ ಹಳೆಯ ಪೆಟ್ರೋಲ್ ಇನ್ನೂ ಇರುತ್ತದೆ, ಇಸಿಯು ಹೊಸದಕ್ಕೆ ಹೊಂದಿಕೊಳ್ಳಲೂ ಸ್ವಲ್ಪ ದೂರ ಓಡಬೇಕು.

ಅಳತೆಯಲ್ಲಿ ಕಂಡದ್ದೇ ಓಡಿಸುವ ಕ್ರಮವನ್ನೂ ಕಲಿಸಿತು. ಟ್ಯಾಂಕಿನಲ್ಲಿ ಆಕ್ಟೇನ್ ಕಡಿಮೆ ಇರುವಾಗ ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸುವುದಿಲ್ಲ. ಒಂದು ಗೇರ್ ಇಳಿಸಿ, ಆರ್‌ಪಿಎಂ ಏರಗೊಟ್ಟು, ಆಕ್ಸಿಲರೇಟರ್ ಮೇಲೆ ಕಾಲು ಹಗುರ ಮಾಡುತ್ತೇನೆ. ಕಡಿಮೆ ವೇಗದಲ್ಲಿ ಪೂರ್ತಿ ಭಾರ ಹೊತ್ತ ಇಂಜಿನ್ನಿನಲ್ಲಿ ಆ ಮೂಲೆಯ ಅನಿಲಕ್ಕೆ ಹೊತ್ತಿಕೊಳ್ಳಲು ಹೆಚ್ಚು ಸಮಯ ಸಿಗುತ್ತದೆ, ನಾಕಿಂಗ್ ಹುಟ್ಟುವುದು ಅಲ್ಲೇ. ಇಷ್ಟು ಮಾಡಿದ ಮೇಲೂ ಕಟಕಟ ಕೇಳಿಸಿದರೆ ಸೆನ್ಸರಿನ ಕೈಮೀರಿದೆ ಎಂದರ್ಥ. ಆಗ ಅವಸರಪಡದೆ, ಭಾರ ಹಾಕದೆ ಮುಂದಿನ ಬಂಕ್ ತಲುಪುವುದೊಂದೇ ದಾರಿ. ಕಾರ್ಬುರೇಟರಿನ ಹಳೆಯ ಬೈಕುಗಳಲ್ಲಿ ಸಾಮಾನ್ಯವಾಗಿ ಈ ಸೆನ್ಸರೇ ಇರುವುದಿಲ್ಲ, ಅಲ್ಲಿ ಸವಾರನ ಕಿವಿಯೇ ಸೆನ್ಸರ್.

ಬ್ರ್ಯಾಂಡಿನ ವಿಷಯದಲ್ಲಿ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಬೇರೆ ಬೇರೆ ಕಂಪನಿಗಳ ಟ್ಯಾಂಕರುಗಳು ಎಷ್ಟೋ ಸಲ ಒಂದೇ ಡಿಪೋದಲ್ಲಿ ಒಂದೇ ಮೂಲ ಪೆಟ್ರೋಲನ್ನು ತುಂಬಿಸಿಕೊಳ್ಳುತ್ತವೆ. ಆಯಾ ಕಂಪನಿಯ ಅಡಿಟಿವ್ ಸೇರುವುದು ಸಾಮಾನ್ಯವಾಗಿ ಆ ಹಂತದಲ್ಲಿ. ಇವು ಹೆಚ್ಚಾಗಿ ಇಂಜೆಕ್ಟರು ಮತ್ತು ವಾಲ್ವುಗಳಲ್ಲಿ ಮಸಿ ಕೂರದಂತೆ ನೋಡಿಕೊಳ್ಳುವ ಡಿಟರ್ಜೆಂಟುಗಳು, ಪ್ರಮಾಣವೂ ಅತ್ಯಲ್ಪ. ಎರಡು ಕಂಪನಿಯವು ಸೇರಿದರೆ ಎರಡೂ ಒಂದಿಷ್ಟು ತೆಳುವಾಗುತ್ತವೆ, ಅಷ್ಟೇ.

ಹೊಸ ಬಂಕಿನಲ್ಲಿ ತುಂಬಿಸಿದ ಮೇಲೆ ಇಂಜಿನ್ ಮಿಸ್ ಹೊಡೆಯತೊಡಗಿದರೆ ನನ್ನ ಮೊದಲ ಅನುಮಾನ ಬ್ರ್ಯಾಂಡ್ ಬದಲಾದದ್ದರ ಮೇಲಲ್ಲ, ನೀರಿನ ಮೇಲೆ. ಬಯಲಿನಲ್ಲಿ, ಬೆಂಕಿಯಿಂದ ದೂರ, ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಗಾಜಿನ ಸೀಸೆಗೆ ತೆಗೆದು ಬಿರಡೆ ಹಾಕಿ ಅಲುಗಾಡಿಸದೆ ಇಡುತ್ತೇನೆ. ಚೆನ್ನಾಗಿರುವ ಪೆಟ್ರೋಲ್ ತಿಳಿಯಾಗಿ, ಒಂದೇ ಬಣ್ಣದಲ್ಲಿ ನಿಲ್ಲುತ್ತದೆ. ನೀರಿದ್ದರೆ ತಳದಲ್ಲಿ ಹನಿಗಳು ಗುಳ್ಳೆಯಂತೆ ಕೂಡಿ ಒಂದು ಪದರವಾಗುತ್ತವೆ, ಸೀಸೆ ವಾಲಿಸಿದರೆ ಆ ಪದರ ಬೇರೆಯಾಗಿ ಜಾರುತ್ತದೆ.

ಬೆರೆಸುವುದರಿಂದಲೇ ತೊಂದರೆ ಹುಟ್ಟಬಹುದಾದ ಒಂದು ಸಂದರ್ಭವೂ ಈ ನೀರಿಗೇ ಸಂಬಂಧಿಸಿದ್ದು. ಶೇಕಡಾ 10 ಎಥನಾಲ್ ಇರುವ ಪೆಟ್ರೋಲ್ ಸಾಮಾನ್ಯ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು. ತಿಂಗಳುಗಟ್ಟಲೆ ನಿಂತ ಬೈಕಿನ ಅಥವಾ ಜನರೇಟರಿನ ಟ್ಯಾಂಕಿನಲ್ಲಿ ಅಂಥ ಪೆಟ್ರೋಲ್ ನೀರು ಹೀರಿಕೊಂಡು ಆ ಮಿತಿಯ ಹತ್ತಿರ ಬಂದಿರಬಹುದು. ಅದರ ಮೇಲೆ ಎಥನಾಲ್ ಇಲ್ಲದ ಪೆಟ್ರೋಲ್ ಸುರಿದರೆ ಎಥನಾಲಿನ ಪಾಲು ಇಳಿಯುತ್ತದೆ, ನೀರು ಹಿಡಿದಿಡುವ ಸಾಮರ್ಥ್ಯ ಅದಕ್ಕಿಂತ ಬೇಗ ಕುಸಿಯುತ್ತದೆ. ಅದುವರೆಗೆ ತಿಳಿಯಾಗಿದ್ದದ್ದು ಮಬ್ಬಾಗಿ, ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಆದ್ದರಿಂದ ಬಹುಕಾಲ ನಿಂತ ಗಾಡಿಗೆ ಹೊಸ ಪೆಟ್ರೋಲ್ ಸುರಿಯುವ ಮುನ್ನ ಸೀಸೆಯ ಪರೀಕ್ಷೆ ಮಾಡುತ್ತೇನೆ. ಹಳೆಯದು ಮಬ್ಬಾಗಿದ್ದರೆ ಅಥವಾ ವಾರ್ನಿಷ್‌ನಂಥ ಹುಳಿ ವಾಸನೆ ಬಂದರೆ ಪೂರ್ತಿ ಬಸಿದು ತೆಗೆಯುತ್ತೇನೆ. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ಇಷ್ಟು ನೀರು ಹೀರುವಷ್ಟು ಕಾಲ ಟ್ಯಾಂಕಿನಲ್ಲಿ ಇರುವುದೇ ಇಲ್ಲ.