ಸಮಯ ಕೂಡಿಸುವಾಗ ದಶಕ ಒಯ್ಯುವುದು ಅರವತ್ತಕ್ಕೆ, ನೂರಕ್ಕಲ್ಲ

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ತುಳಿಯುವ ಮಕ್ಕಳು ಜಾಸ್ತಿ. ಮೂರು ಹಂತದ ರೇಸ್ ಇದ್ದರೆ ಮೂರೂ ಸಮಯ ಕೂಡಿಸಬೇಕು, ಮೊತ್ತ ಕಡಿಮೆ ಇದ್ದವರು ಗೆದ್ದಂತೆ. ಈ ಕೂಡಿಸುವ ಲೆಕ್ಕ ತಪ್ಪಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಿಸಿಲಲ್ಲಿ ತುಳಿದು ಬಂದ ಹುಡುಗ "ಸರ್, ನಂದ್ ಒಟ್ಟು ಎಷ್ಟಾತ್ರೀ?" ಅಂತ ಟೇಬಲ್ ಮುಂದೆ ನಿಂತಾಗ ಸರಿಯಾದ ಉತ್ತರ ಕೊಡಬೇಕು, ಅಲ್ವಾ?

ಗೆರೆ ಹಾಕಿದ ಹಾಳೆ ತಗೊಳ್ಳಿ. ಗಂಟೆ, ನಿಮಿಷ, ಸೆಕೆಂಡು ಒಂದರ ಕೆಳಗೊಂದು ಬರಲಿ. ಐದು ನಿಮಿಷವನ್ನು 05 ಎಂದೇ ಬರೆಯಿರಿ.

```
1 : 47 : 38
2 : 05 : 49
0 : 58 : 56
```

ಸೆಕೆಂಡಿನಿಂದ ಶುರು ಮಾಡಿ. ಮೂರೂ ಕೂಡಿದರೆ 143. ಎಡವುವುದು ಇಲ್ಲೇ. ರೂಢಿಯ ಮೇಲೆ ಕೈ 43 ಬರೆದು ಒಂದನ್ನು ದಶಕ ಒಯ್ದುಬಿಡುತ್ತದೆ. ಇನ್ನು ಕೆಲವರು ಒಂದೇ ಅರವತ್ತು ತೆಗೆದು 83 ಉಳಿಸುತ್ತಾರೆ. ಹಾಗೆ ಮಾಡಬೇಡಿ. 143 ಅನ್ನು ಪಕ್ಕದಲ್ಲಿ ಬರೆದುಕೊಂಡು ಅರವತ್ತರ ಮಗ್ಗಿ ಹೇಳಿ: 60, 120, 180. ನೂರಾ ಇಪ್ಪತ್ತು ಹಿಡಿಯುತ್ತದೆ, ನೂರಾ ಎಂಬತ್ತು ಹಿಡಿಯಲ್ಲ. ಅಂದರೆ ಎರಡು ನಿಮಿಷ ಆಯ್ತು, 23 ಸೆಕೆಂಡು ಉಳಿಯಿತು. 23 ಕೆಳಗೆ ಬರೆದು, 2 ಅನ್ನು ನಿಮಿಷದ ತಲೆ ಮೇಲೆ ಕೆಂಪು ಪೆನ್ನಲ್ಲಿ ಬರೆಯಿರಿ. ಸುಮ್ನೆ ನೆನಪಲ್ಲಿ ಇಟ್ಟುಕೊಳ್ಳಬೇಡಿ, ಯಾರಾದರೂ ಮಾತಾಡಿಸಿದರೆ ಹೋಯಿತು.

ನಿಮಿಷದ್ದೂ ಹೀಗೇ. 47, 5, 58 ಮತ್ತು ಕೆಂಪು 2 ಸೇರಿ 112. ಒಂದು ಗಂಟೆ, 52 ನಿಮಿಷ. ಗಂಟೆಗಳು 4. ಒಟ್ಟು 4:52:23.

ಮೊಬೈಲ್ ಕ್ಯಾಲ್ಕುಲೇಟರಲ್ಲಿ 1.4738, 2.0549, 0.5856 ಅಂತ ಚುಕ್ಕೆ ಇಟ್ಟು ಕೂಡಿಸುವವರಿದ್ದಾರೆ. ದಯವಿಟ್ಟು ಬೇಡ. ಉತ್ತರ 4.1143 ಬರುತ್ತದೆ. 11 ಆಗಲಿ 43 ಆಗಲಿ ಅರವತ್ತು ದಾಟಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಆದರೆ ಅದು ನೂರು ಸೆಕೆಂಡನ್ನು ಒಂದು ನಿಮಿಷ ಮಾಡಿ 40 ಸೆಕೆಂಡು ನುಂಗಿದೆ, ನೂರು ನಿಮಿಷವನ್ನು ಒಂದು ಗಂಟೆ ಮಾಡಿ 40 ನಿಮಿಷ ನುಂಗಿದೆ. ಇಬ್ಬರ ಲೆಕ್ಕ ಸರಿಯಾಗಿ 40ರಿಂದ ಬೇರೆ ಬಂದರೆ ಮೊದಲು ಈ ತಪ್ಪನ್ನೇ ಹುಡುಕಿ.

ಅನುಮಾನವಿದ್ದರೆ ಎಲ್ಲವನ್ನೂ ಸೆಕೆಂಡು ಮಾಡಿ ನೋಡಿ. 6458, 7549, 3536 ಸೇರಿ 17543. ನಮ್ಮ 4:52:23 ಕೂಡ ಅಷ್ಟೇ ಸೆಕೆಂಡು.

ಎಕ್ಸೆಲ್ ಬಳಸುವವರು ಮೂರನೇ ಹಂತವನ್ನು `0:58:56` ಎಂದೇ ಟೈಪ್ ಮಾಡಿ. ಬರೀ `58:56` ಹೊಡೆದರೆ ಅದು 58 ಗಂಟೆ ಅಂದುಕೊಳ್ಳುತ್ತದೆ. ತಿಂಗಳ ತರಬೇತಿಯ ಸಮಯ ಕೂಡಿಸುವಾಗ ಮೊತ್ತದ ಕೋಶಕ್ಕೆ `[h]:mm:ss` ಫಾರ್ಮ್ಯಾಟ್ ಕೊಡಿ. ಆ ಚೌಕ ಕಂಸ ಬಿಟ್ಟರೆ 24 ಗಂಟೆ ದಾಟಿದ ಕೂಡಲೇ ಮತ್ತೆ ಸೊನ್ನೆಯಿಂದ ತೋರಿಸುತ್ತದೆ, 26 ಗಂಟೆ ತುಳಿದವರದ್ದು 2 ಗಂಟೆ ಆಗುತ್ತದೆ.