ಬಿ1 ಸಾಕೇ, ಬಿ2 ಬೇಕೇ: ಜರ್ಮನಿಯ ನರ್ಸಿಂಗ್ ಕೆಲಸಕ್ಕೆ ನಾನು ಗುರಿ ಇಟ್ಟ ಬಗೆ

ಜರ್ಮನ್ ಪರೀಕ್ಷೆಗಳಲ್ಲಿ ಅತಿ ಸುಲಭದ ಎ1ರಿಂದ ಅತಿ ಕಠಿಣದ ಸಿ2ರವರೆಗೆ ಆರು ಹಂತ. ಎಲ್ಲಿಯವರೆಗೆ ಓದಬೇಕು ಎಂಬುದನ್ನು ನಮ್ಮ ಆಸೆಗಿಂತ ಹೆಚ್ಚಾಗಿ ಕೆಲಸವೇ ತೀರ್ಮಾನಿಸುತ್ತದೆ. ಪದವೀಧರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಮೇಲೆ ಹೋಗುವ ಎಂಜಿನಿಯರಿಗೆ ವೀಸಾಕ್ಕಾಗಿ ಜರ್ಮನ್ ಕಡ್ಡಾಯವಿಲ್ಲ. ವೈದ್ಯರಿಗೆ ಬಿ2 ಜೊತೆಗೆ ಸಿ1 ಮಟ್ಟದ ವೈದ್ಯಕೀಯ ಭಾಷಾ ಪರೀಕ್ಷೆಯೂ ಇರುತ್ತದೆ. ನಮ್ಮಂಥ ನರ್ಸ್‌ಗಳಿಗೆ ನಮ್ಮ ನರ್ಸಿಂಗ್ ಓದಿಗೆ ಅಲ್ಲಿ ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ಹೀಗಾಗಿ ನಾನು ಬಿ2 ಎಂದು ಗುರಿ ಇಟ್ಟು, ಬಿ1 ಅನ್ನು ದಾರಿಯ ಒಂದು ನಿಲ್ದಾಣ ಮಾಡಿಕೊಂಡೆ.

"ಬಿ1 ಇದ್ದರೆ ಸಾಕು, ಹೊರಡಬಹುದು" ಎಂಬ ಮಾತು ಎಲ್ಲ ಕಡೆ ಕೇಳಿಸುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ. ಬಿ1 ಮೇಲೆ ಅಲ್ಲಿಗೆ ಹೋಗಿ, ಮಾನ್ಯತೆಯ ಪ್ರಕ್ರಿಯೆ ಮುಗಿಯುವವರೆಗೆ ಸಹಾಯಕಿಯಾಗಿ ದುಡಿಯುವ ದಾರಿ ಇದೆ. ಆದರೆ ಆ ಅವಧಿಯಲ್ಲಿ ಸಿಗುವುದು ಸಹಾಯಕಿಯ ಸಂಬಳ, ಮತ್ತು ಬಿ2 ತಯಾರಿಯನ್ನು ಪಾಳಿ ಕೆಲಸದ ನಡುವೆಯೇ ಮಾಡಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎರಡು ವಿಷಯ ಬರಹದಲ್ಲಿ ಕೇಳಿ: ಬಿ2 ತರಗತಿಯ ಖರ್ಚು ಯಾರದು, ಮಾನ್ಯತೆ ಬಂದ ಮೇಲೆ ಸಂಬಳ ಎಷ್ಟು.

ಸಮಯದ ಲೆಕ್ಕ ಹೀಗೆ. ಜರ್ಮನ್ ಕಲಿಸಿ ಈ ಪರೀಕ್ಷೆಗಳನ್ನು ನಡೆಸುವ ಗೊಯಟೆ ಇನ್‌ಸ್ಟಿಟ್ಯೂಟ್ ಹೇಳುವಂತೆ ಸೊನ್ನೆಯಿಂದ ಬಿ1ಗೆ 350ರಿಂದ 650, ಬಿ2ಗೆ 600ರಿಂದ 800 ಪಾಠದ ಅವಧಿ ಬೇಕು. ಒಂದು ಅವಧಿ ಎಂದರೆ 45 ನಿಮಿಷ. ದಿನಕ್ಕೆ ಎರಡು ಅವಧಿ, ವಾರಕ್ಕೆ ಐದು ದಿನ ಎಂದರೆ ವಾರಕ್ಕೆ ಹತ್ತು. ಅಂದರೆ ಬಿ2ಗೆ 60ರಿಂದ 80 ವಾರ, ಮನೆಯಲ್ಲಿ ಓದುವುದು ಬೇರೆ. "ಆರೇ ತಿಂಗಳಲ್ಲಿ ಬಿ2" ಎಂಬ ಮಾತನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ದಿನವಿಡೀ ಓದುವವರಿಗೆ ಅದು ಸಾಧ್ಯ, ರಾತ್ರಿ ಪಾಳಿ ಮಾಡುವವರಿಗೆ ಅಲ್ಲ.

ಹಂತಗಳ ನಡುವಿನ ಅಂತರ ಬರವಣಿಗೆಯಲ್ಲಿ ಚೆನ್ನಾಗಿ ಕಾಣುತ್ತದೆ. ಎ1ರಲ್ಲಿ ಒಂದು ಫಾರಂ ತುಂಬಿ, ಪುಟ್ಟ ಸಂದೇಶ ಬರೆದರೆ ಆಯಿತು. ಬಿ1ರಲ್ಲಿ 60 ನಿಮಿಷಕ್ಕೆ ಮೂರು ಬರಹ: ಗೆಳೆಯರಿಗೆ ಸುಮಾರು 80 ಪದದ ಇಮೇಲ್, ಒಂದು ವಿಷಯದ ಮೇಲೆ 80 ಪದದ ಅಭಿಪ್ರಾಯ, ಅಧಿಕೃತ ಧಾಟಿಯ 40 ಪದದ ಇಮೇಲ್. ಬಿ2ರಲ್ಲಿ 75 ನಿಮಿಷಕ್ಕೆ ಎರಡೇ ಬರಹ, ಆದರೆ ಒಂದು 150 ಪದದ್ದು, ಇನ್ನೊಂದು 100 ಪದದ್ದು. ಬಿ1ರಲ್ಲಿ "ನನಗೆ ಇಷ್ಟ, ಯಾಕೆಂದರೆ…" ಎಂದು ಬರೆದರೆ ನಡೆಯುತ್ತದೆ. ಬಿ2ರಲ್ಲಿ ಕಾರಣ ಕೊಡಬೇಕು, ಬೇರೆ ಸಾಧ್ಯತೆಗಳನ್ನು ಹೇಳಬೇಕು, ಅವುಗಳ ಲಾಭ ತೂಗಬೇಕು, ಅದೂ ಒಂದಕ್ಕೊಂದು ಹೊಂದಿಕೊಂಡ ವಾಕ್ಯಗಳಲ್ಲಿ.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ, ಬಹಳ ಮಂದಿ ಅದನ್ನು ಬಳಸುವುದಿಲ್ಲ. ಜರ್ಮನ್‌ನಲ್ಲಿ ಯಾಕೆಂದರೆ ಎಂಬರ್ಥದ "ವೈಲ್" ಬಂದರೆ ಆ ಉಪವಾಕ್ಯದ ಕ್ರಿಯಾಪದ ಕೊನೆಗೆ ಹೋಗುತ್ತದೆ: "ವೈಲ್ ಇಶ್ ಹೊಯ್ಟೆ ಆರ್ಬೈಟೆ", ಅಂದರೆ ನಾನು ಇವತ್ತು ಕೆಲಸ ಮಾಡುವುದರಿಂದ. ನಮ್ಮ ವಾಕ್ಯವೂ ಕ್ರಿಯೆಯಲ್ಲೇ ಮುಗಿಯುತ್ತದೆ. ಇಂಗ್ಲಿಷ್‌ನಲ್ಲಿ ಯೋಚಿಸಿ ಬರೆಯುವವರು "ವೈಲ್ ಇಶ್ ಆರ್ಬೈಟೆ ಹೊಯ್ಟೆ" ಎಂದು ಕ್ರಿಯಾಪದವನ್ನು ನಡುವೆ ಇಡುತ್ತಾರೆ. ಹೀಗಾಗಿ ಉಪವಾಕ್ಯಗಳನ್ನು ನಾನು ಕನ್ನಡದಲ್ಲೇ ಕಟ್ಟಿಕೊಂಡು ಬರೆಯುತ್ತಿದ್ದೆ.

ಹೆಚ್ಚು ಜನ ಸಿಕ್ಕಿಬೀಳುವುದು ಆಲಿಸುವ ಭಾಗದಲ್ಲಿ. ಬಿ1ರಲ್ಲಿ ನಾಲ್ಕು ಭಾಗಗಳಿದ್ದು, ಎರಡನ್ನು ಒಮ್ಮೆ ಮಾತ್ರ ಕೇಳಿಸುತ್ತಾರೆ. ಮನೆಯಲ್ಲಿ ಆಡಿಯೊ ನಿಲ್ಲಿಸಿ, ಹಿಂದೆ ಹೋಗಿ ಕೇಳುವ ರೂಢಿ ಇದ್ದವರಿಗೆ ಒಂದು ಪ್ರಶ್ನೆ ತಪ್ಪಿದರೆ ಮುಂದಿನ ಎರಡೂ ಕೈಬಿಡುತ್ತವೆ. ನಾನು ಗೊಯಟೆ ಉಚಿತವಾಗಿ ಕೊಡುವ ಮಾದರಿ ಪತ್ರಿಕೆಯನ್ನು ನಿಲ್ಲಿಸದೆ ಓಡಿಸಿ, ತಪ್ಪಿದ ಪ್ರಶ್ನೆಯನ್ನು ಬಿಟ್ಟು ಮುಂದಿನದಕ್ಕೆ ಕಣ್ಣು ಹಾಯಿಸುವುದನ್ನೇ ಅಭ್ಯಾಸ ಮಾಡಿದೆ.

ಗೊಯಟೆಯ ಬಿ1, ಬಿ2ರಲ್ಲಿ ಓದು, ಆಲಿಸು, ಬರೆ, ಮಾತಾಡು ಎಂದು ನಾಲ್ಕು ಘಟಕಗಳಿವೆ. ಪ್ರತಿಯೊಂದಕ್ಕೂ 100 ಅಂಕ, ಪ್ರತಿಯೊಂದರಲ್ಲೂ 60 ಬರಲೇಬೇಕು. ಓದಿನಲ್ಲಿ 90 ಬಂದು ಆಲಿಸುವುದರಲ್ಲಿ 57 ಬಂದರೆ ಸರಾಸರಿ ನೆರವಿಗೆ ಬರುವುದಿಲ್ಲ. ಆದರೆ ಆ ಒಂದು ಘಟಕವನ್ನಷ್ಟೇ ಮತ್ತೆ ಬರೆಯಬಹುದು. ಎ1, ಎ2ರಲ್ಲಿ ಈ ಅನುಕೂಲವಿಲ್ಲ.

ನನ್ನ ನಿಯಮ ಸರಳ. ಹೊಸ ಮಾದರಿ ಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆದಾಗ, ಒಂದಾದ ಮೇಲೊಂದರಂತೆ ಎಲ್ಲ ಘಟಕಗಳಲ್ಲೂ 70 ದಾಟುತ್ತಿದ್ದರೆ ಬಿ2ಗೆ ಹಣ ಕಟ್ಟುವುದು. ಅರವತ್ತರ ಅಂಚಿನಲ್ಲೇ ಇದ್ದರೆ ಆ ದುಡ್ಡನ್ನು ದುರ್ಬಲ ಘಟಕದ ತರಗತಿಗೆ ಹಾಕುವುದು. ನರ್ಸ್‌ಗಳಿಗೆ ಟೆಲ್ಕ್ ಸಂಸ್ಥೆಯ ಬಿ1-ಬಿ2 ಫ್ಲೇಗೆ ಎಂಬ ಪರೀಕ್ಷೆಯೂ ಇದೆ. ಆಸ್ಪತ್ರೆಯ ಮಾತುಕತೆಯನ್ನೇ ಹಿಡಿದು ನಡೆಸುವ ಆ ಒಂದೇ ಪರೀಕ್ಷೆಯಲ್ಲಿ ನಿಮ್ಮ ಸಾಧನೆಗೆ ತಕ್ಕಂತೆ ಬಿ1 ಅಥವಾ ಬಿ2 ಬರುತ್ತದೆ. ನೀವು ಹೋಗುವ ರಾಜ್ಯದ ಮಾನ್ಯತೆ ಕಚೇರಿ ಯಾವ ಸರ್ಟಿಫಿಕೇಟ್ ಒಪ್ಪುತ್ತದೆ ಎಂದು ಇಮೇಲ್ ಮಾಡಿ ಕೇಳಿಕೊಂಡು, ಉತ್ತರ ಬಂದ ಮೇಲೆಯೇ ಎರಡರಲ್ಲಿ ಒಂದನ್ನು ಆರಿಸಿ.