ಕ್ಷೇತ್ರದ ಫೋನ್ ಕರೆಗಳಿಂದ ದಾನಿಗಳಿಗೆ ಪ್ರಗತಿ ವರದಿ ಬರೆಯುವುದು ಹೇಗೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಮತ್ತು ಕುಕನೂರು ತಾಲ್ಲೂಕುಗಳಲ್ಲಿ ಮಳೆಯಾಶ್ರಿತ ರೈತರಿಗೆ ಕೃಷಿ ಹೊಂಡ ತೋಡಿಸಿಕೊಡುವ ಒಂದು ಸೇವಾ ಸಂಸ್ಥೆ ಇದೆ ಎಂದಿಟ್ಟುಕೊಳ್ಳೋಣ. ಅದರ ಕಾರ್ಯಕರ್ತರು ಪ್ರತಿ ಸೋಮವಾರ ಸಂಯೋಜಕರೊಡನೆ ಫೋನಿನಲ್ಲಿ ಒಟ್ಟಾಗಿ ಮಾತನಾಡುತ್ತಾರೆ; ಎಲ್ಲರ ಒಪ್ಪಿಗೆ ಪಡೆದು ಆ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಈ ಕರೆಗಳ ಆಧಾರದ ಮೇಲೆ ದಾನಿ ಕಂಪನಿಗೆ ಎರಡು ಪುಟಗಳ ವರದಿ ಸಿದ್ಧವಾಗಬೇಕು.

ಕರೆಗಳನ್ನು ಅಕ್ಷರಶಃ ಬರೆದುಕೊಳ್ಳುವ ಅಗತ್ಯವಿಲ್ಲ. ಒಂದು ಹಾಳೆಯಲ್ಲಿ ದಿನಾಂಕ, ರೆಕಾರ್ಡಿಂಗ್‌ನ ಎಷ್ಟನೇ ನಿಮಿಷ, ಯಾವ ತಾಲ್ಲೂಕು, ಹೇಳಿದ ವಿಷಯ ಎಂಬ ನಾಲ್ಕು ಅಂಕಣಗಳನ್ನು ಹಾಕಿ, ಐದನೆಯದರಲ್ಲಿ ಅದು ನಡೆದ ಕೆಲಸವೋ, ಸಂಖ್ಯೆಯೋ, ತೊಡಕೋ, ಮುಂದಿನ ಯೋಜನೆಯೋ ಎಂದು ಗುರುತಿಸಿಕೊಂಡರೆ ಸಾಕು. ನಿಮಿಷ ಬರೆದುಕೊಳ್ಳುವುದು ಅನವಶ್ಯಕವೆನಿಸಬಹುದು. ಆದರೆ ಸಂಶಯ ಬಂದಾಗ ಇಡೀ ಕರೆಯನ್ನು ಮತ್ತೆ ಕೇಳದೆ ಆ ಮಾತನ್ನಷ್ಟೇ ಕೇಳಲು ಇದೊಂದೇ ದಾರಿ. ಕ್ರಿಯಾಪದಗಳ ಮೇಲೂ ನಿಗಾ ಇರಲಿ: ‘ಮುಂದಿನ ವಾರ ತಾಡಪಾಲು ಹಾಸ್ತೀವ್ರಿ’ ಎಂಬುದು ಯೋಜನೆಯೇ ಹೊರತು ಕೆಲಸವಲ್ಲ. ಅದು ನಿಜಕ್ಕೂ ನಡೆಯಿತೇ ಎಂಬುದನ್ನು ಮುಂದಿನ ಕರೆಗಳಲ್ಲಿ ಹುಡುಕಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಸಂಖ್ಯೆಗಳು. ಕುಷ್ಟಗಿಯ ಕಾರ್ಯಕರ್ತರು ಸೆಪ್ಟೆಂಬರ್ ಕೊನೆಯ ಕರೆಯಲ್ಲಿ ‘ಒಟ್ಟ ಹದಿನಾಕು ಹೊಂಡ ಆಗ್ಯಾವ್ರೀ’ ಎನ್ನುತ್ತಾರೆ. ಯಲಬುರ್ಗಾದವರು ತಿಂಗಳ ಲೆಕ್ಕ ಕೊಡುವವರು: ಜುಲೈನಲ್ಲಿ 3, ಆಗಸ್ಟ್‌ನಲ್ಲಿ 2, ಸೆಪ್ಟೆಂಬರ್‌ನಲ್ಲಿ ‘ನಾಕು ಮುಗದಂಗ್ರೀ’. ಕುಕನೂರಿನಿಂದ ಬಂದ ಲೆಕ್ಕ 5. ಕೇಳಿದ್ದನ್ನು ಹಾಗೆಯೇ ಕೂಡಿದರೆ 28 ಆಗುತ್ತದೆ. ತ್ರೈಮಾಸಿಕದ ಗುರಿ 20 ಇರುವಾಗ ಯಾರಿಗಾದರೂ ಖುಷಿಯಾಗುವ ಸಂಖ್ಯೆ ಇದು.

ಆದರೆ ಕುಷ್ಟಗಿಯ 14 ಏಪ್ರಿಲ್‌ನಿಂದ ಈಚಿನ ಒಟ್ಟು ಲೆಕ್ಕ. ಜೂನ್ ಕೊನೆಯ ಕರೆಯಲ್ಲಿ ಅವರೇ 8 ಎಂದಿದ್ದರು. ಆದ್ದರಿಂದ ಈ ತ್ರೈಮಾಸಿಕಕ್ಕೆ ಸೇರುವುದು 6 ಮಾತ್ರ. ಇನ್ನು ಯಲಬುರ್ಗಾದ ‘ಮುಗದಂಗ’ ಎಂಬ ಮಾತು. ಒಪ್ಪಂದದ ಪ್ರಕಾರ ಹೊಂಡ ಮುಗಿಯಿತು ಎನ್ನಬೇಕಾದರೆ ತೋಡಿ, ತಾಡಪಾಲು ಹಾಸಿ, ಸುತ್ತ ಬೇಲಿ ಹಾಕಿರಬೇಕು. ಕಾಮಗಾರಿ ರಿಜಿಸ್ಟರ್ ಮತ್ತು ಫೋಟೊಗಳನ್ನು ನೋಡಿದಾಗ, ಆ ನಾಲ್ಕರಲ್ಲಿ ಎರಡಕ್ಕೆ ತಾಡಪಾಲು ಇನ್ನೂ ಬಿದ್ದಿಲ್ಲ ಎಂದು ತಿಳಿಯುತ್ತದೆ. ಹೀಗಾಗಿ ಅಲ್ಲಿನ ಮೊತ್ತ 9 ಅಲ್ಲ, 7. ಸರ್ವೆ ನಂಬರ್‌ಗಳನ್ನು ಹೋಲಿಸಿದರೆ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ: ತಾಲ್ಲೂಕಿನ ಗಡಿಯಲ್ಲಿರುವ ಒಂದೇ ಹೊಂಡವನ್ನು ಯಲಬುರ್ಗಾ ಮತ್ತು ಕುಕನೂರಿನ ಕಾರ್ಯಕರ್ತರಿಬ್ಬರೂ ಎಣಿಸಿದ್ದಾರೆ. 6, 7 ಮತ್ತು 5ನ್ನು ಕೂಡಿ 1ನ್ನು ಕಳೆದರೆ ಉಳಿಯುವುದು 17. ವರದಿಯ ಕೋಷ್ಟಕದಲ್ಲಿ ಗುರಿ 20, ಮುಗಿದದ್ದು 17 ಎಂದು ಬರೆದು, ತೋಡಿದ್ದರೂ ತಾಡಪಾಲು ಹಾಸದ 2 ಹೊಂಡಗಳನ್ನು ಬೇರೆ ಸಾಲಿನಲ್ಲಿ ತೋರಿಸಿ, ‘ಮುಗಿದದ್ದು’ ಎಂದರೇನು ಎಂಬುದನ್ನು ಕೆಳಗೆ ಒಂದು ವಾಕ್ಯದಲ್ಲಿ ತಿಳಿಸಬೇಕು. ಕರೆಯಲ್ಲಿ ಕೇಳಿಬಂದು ರಿಜಿಸ್ಟರ್‌ನಲ್ಲಿ ಸಿಗದ ಸಂಖ್ಯೆ ಕೋಷ್ಟಕಕ್ಕೆ ಹೋಗಬಾರದು.

ಚಟುವಟಿಕೆಗಳ ಭಾಗವನ್ನು ಚಿಕ್ಕದಾಗಿ ಮುಗಿಸಬಹುದು. ಎಲ್ಲಿ, ಯಾವಾಗ, ಏನು ನಡೆಯಿತು ಎಂಬುದಷ್ಟೇ ಅಲ್ಲಿ ಬೇಕು. ಸಂಯೋಜಕರ ಸಭೆಗಳನ್ನೆಲ್ಲ ಪಟ್ಟಿ ಮಾಡುವ ಚಾಳಿಯಿಂದ ಪುಟ ತುಂಬುತ್ತದೆಯೇ ಹೊರತು ದಾನಿಗೆ ಏನೂ ತಿಳಿಯುವುದಿಲ್ಲ.

ತೊಡಕುಗಳ ಭಾಗದಲ್ಲಿ ‘ಹವಾಮಾನ ವೈಪರೀತ್ಯದಿಂದ ವಿಳಂಬವಾಯಿತು’ ಎಂದು ತೇಲಿಸಿ ಬರೆಯುವುದೇ ರೂಢಿಯಾಗಿದೆ. ಆದರೆ ರೆಕಾರ್ಡಿಂಗ್‌ನಲ್ಲಿರುವುದು ಇದಕ್ಕಿಂತ ಬಹಳ ಖಚಿತವಾದ ವಿವರ: ಮಳೆ ಬಿದ್ದ ಎರೆ ಭೂಮಿಯಲ್ಲಿ ಜೆಸಿಬಿ ಹೂತುಕೊಳ್ಳುತ್ತದೆ, ಬಿತ್ತನೆಯಾದ ಹೊಲದಲ್ಲಿ ಪೈರು ತುಳಿದು ಯಂತ್ರ ಇಳಿಸಲು ರೈತರು ಒಪ್ಪುವುದಿಲ್ಲ. ಈ ಎರಡು ಕಾರಣಗಳನ್ನು ಹೇಳಿ, ಅದರಿಂದ ಮೂರು ಹೊಂಡಗಳು ಕಡಿಮೆಯಾದವೆಂದು ಒಪ್ಪಿ, ಅವನ್ನು ಮುಂಗಾರು ಬೆಳೆ ಕೊಯ್ಲಾದ ಮೇಲೆ ಮುಗಿಸಲಾಗುವುದೆಂದು ಬರೆದರೆ, ಮುಂದಿನ ವರ್ಷ ತೋಡುವ ಕೆಲಸವನ್ನು ಬೇಸಿಗೆಗೆ ಸರಿಸಲು ಅನುದಾನದ ಕಂತು ಬೇಗ ಬೇಕೆಂಬ ಕೋರಿಕೆಗೂ ಬಲ ಬರುತ್ತದೆ. ಮೂರು ತಾಲ್ಲೂಕುಗಳಲ್ಲಿಯೂ ಕೇಳಿಬಂದ ತೊಡಕಿಗೆ ಮೊದಲ ಸ್ಥಾನ ಕೊಡಿ. ಒಬ್ಬ ರೈತರ ಮನೆಯ ಜಗಳ ಅಥವಾ ಸಾಲದಂಥ ವಿಷಯ ಕರೆಯಲ್ಲಿ ಬಂದಿದ್ದರೆ ಅದನ್ನು ಕೈಬಿಡಿ. ಹೆಸರು ತೆಗೆದರೂ ಹಳ್ಳಿಯ ಹೆಸರಿನಿಂದಲೇ ಅವರು ಯಾರೆಂದು ಗೊತ್ತಾಗುವುದುಂಟು.

ಕರಡು ಸಿದ್ಧವಾದ ಮೇಲೆ ಮುಂದಿನ ಸೋಮವಾರದ ಕರೆಯಲ್ಲಿ ಕೋಷ್ಟಕವನ್ನೂ ತೊಡಕುಗಳ ಭಾಗವನ್ನೂ ಕಾರ್ಯಕರ್ತರಿಗೆ ಓದಿ ಹೇಳಬೇಕು. ತಿದ್ದುಪಡಿ ಬಂದರೆ ರಿಜಿಸ್ಟರ್‌ನ ಪುಟದ ಫೋಟೊ ತರಿಸಿಕೊಂಡ ನಂತರವೇ ಸಂಖ್ಯೆಯನ್ನು ಬದಲಿಸಬೇಕು. ರೆಕಾರ್ಡಿಂಗ್‌ಗಳನ್ನು ದಾನಿಗೆ ಕಳುಹಿಸುವಂತಿಲ್ಲ. ದಾನಿಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಾದ ಮೇಲೆ ಅವನ್ನು ಅಳಿಸಿ, ಗುರುತು ಹಾಕಿಕೊಂಡ ಹಾಳೆಯನ್ನು ಮಾತ್ರ ಕಡತದಲ್ಲಿ ಇಟ್ಟುಕೊಂಡರಾಯಿತು.